ಹನಿಲೆಕ್ಕ ಆಪ್ ಮಾಡುತ್ತಿರುವುದು ಯಾರು, ಯಾಕೆ?

ನನಗೆ ಬರುವ ಮೇಲ್‌ಗಳಲ್ಲಿ ಅರ್ಧಕ್ಕರ್ಧ ‘ಹನಿಲೆಕ್ಕ ತಂಡದವರಿಗೆ ನಮಸ್ಕಾರ’ ಎಂದು ಶುರುವಾಗುತ್ತವೆ. ಹನಿಲೆಕ್ಕ ಅಂದರೆ ದಿನದಿನದ ಮಳೆಯ ಲೆಕ್ಕ ಬರೆದಿಡುವ ಒಂದು ಫೋನ್ ಆಪ್. ಅದಕ್ಕೆ ತಂಡ ಅಂತ ಯಾವುದೂ ಇಲ್ಲ, ಇರುವುದು ನಾನೊಬ್ಬಳೇ. ಹೆಸರು ಶ್ರೀಲತಾ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ಒಂದು ಹಳ್ಳಿ ನಮ್ಮದು. ಮೂರು ಎಕರೆ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಒಂದಿಷ್ಟು ಕಾಳುಮೆಣಸು. ಕೋಡ್ ಬರೆಯುವವಳು, ಚಿತ್ರ ಬಿಡಿಸುವವಳು, ನಿಮ್ಮ ದೂರಿಗೆ ಉತ್ತರ ಕೊಡುವವಳು ಎಲ್ಲ ಒಬ್ಬಳೇ. ಹಾಗಾಗಿ ಬೈಯುವುದಿದ್ದರೂ ನೇರವಾಗಿ ನನಗೇ ಬೈಯಬಹುದು.

ನಮ್ಮ ಅಂಗಳದ ತುದಿಯಲ್ಲಿ ಒಂದು ಮಳೆಮಾಪಕ ಇದೆ. ಅಪ್ಪಯ್ಯ ದಿನಾ ಬೆಳಿಗ್ಗೆ ಎಂಟೂವರೆಗೆ ಅದನ್ನು ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಮದುವೆ, ಮುಂಜಿ, ಜ್ವರ, ಏನೇ ಇದ್ದರೂ ಸರಿ. ಅವರು ಊರಲ್ಲಿ ಇಲ್ಲದಿದ್ದರೆ ಅಮ್ಮ ಅಳೆದು ಫೋನ್‌ನಲ್ಲಿ ಹೇಳಬೇಕು. ಮಳೆಗಾಲದಲ್ಲಿ ಎಂಟೂ ಮುಕ್ಕಾಲಿಗೆ ಫೋನ್‌ಗಳು ಶುರು. ‘ಎಷ್ಟಾಯ್ತು ಮಾರಾಯಾ ನಿಮ್ಮಲ್ಲಿ?’ ಗುಡ್ಡದ ಆಚೆ 90 ಮಿಲಿಮೀಟರ್, ನಮ್ಮಲ್ಲಿ 140. ಎರಡೂ ಮನೆಗೆ ಒಂದೇ ಮೋಡ, ನಡುವೆ ಒಂದೇ ಗುಡ್ಡ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿಗಳಲ್ಲಿ ಮಾಪಕ ಇಟ್ಟಿದ್ದಾರೆ, ಅದು ಒಳ್ಳೆಯ ಕೆಲಸ. ಆದರೆ ನಮ್ಮ ತೋಟಕ್ಕೆ ಬಿದ್ದದ್ದು ಎಷ್ಟು ಎಂದು ಹೇಳಲು ನಮ್ಮ ಅಂಗಳದ ಮಾಪಕವೇ ಬೇಕು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ ಬಿಡಿ.

ಕೆಲವು ವರ್ಷಗಳ ಹಿಂದೆ ನಾನೇ ಅಪ್ಪಯ್ಯನಿಗೆ ಒಂದು ಸ್ಮಾರ್ಟ್‌ಫೋನ್ ಕೊಡಿಸಿ, ಅದರಲ್ಲಿ ಕೃಷಿಯ ಒಂದು ಆಪ್ ಹಾಕಿಕೊಟ್ಟಿದ್ದೆ. ಡೈರಿ ಯಾಕೆ, ಇದರಲ್ಲೇ ಬರೀರಿ ಅಂತ ಒತ್ತಾಯ ಮಾಡಿದವಳೂ ನಾನೇ. ಅವರು ಮೂರು ವರ್ಷ ಶ್ರದ್ಧೆಯಿಂದ ಬರೆದರು. ಒಂದು ದಿನ ಆ ಆಪ್ ತೆರೆದರೆ ‘ಸೇವೆ ನಿಲ್ಲಿಸಲಾಗಿದೆ’ ಎಂಬ ಒಂದು ಸಾಲು, ಅಷ್ಟೇ. ಲೆಕ್ಕವೆಲ್ಲ ಅವರ ಸರ್ವರ್‌ನಲ್ಲಿತ್ತು. ಯಾರಿಗೆ ಮೇಲ್ ಬರೆದರೂ ಉತ್ತರ ಬರಲಿಲ್ಲ. ಹಾಗೆ ಕಳೆದುಹೋದ ಮೂರು ವರ್ಷಗಳ ಲೆಕ್ಕದಲ್ಲಿ 2019ರದ್ದೂ ಇತ್ತು. ಆ ಆಗಸ್ಟ್‌ನಲ್ಲಿ ಸುರಿದ ಮಳೆ, ಬಂದ ನೆರೆ ನಿಮಗೆಲ್ಲ ನೆನಪಿರಬೇಕು. ಅಪ್ಪಯ್ಯ ಕೂಗಾಡಲಿಲ್ಲ. ‘ಆ ವರ್ಷ ಮಳೆಯೇ ಬಂದಿಲ್ಲ ಅನ್ನೋ ಹಾಗಾಯ್ತಲ್ಲ’ ಎಂದರು. ಮರುದಿನದಿಂದ ಮತ್ತೆ ಡೈರಿ.

ಆಗ ನಾನು ಬೆಂಗಳೂರಿನಲ್ಲಿ ಲೆಕ್ಕಪತ್ರದ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೆ. ಊರವರ ಲೆಕ್ಕ ಬರೆಯುವವಳ ಮನೆಯ ಲೆಕ್ಕವೇ ಕಳೆದುಹೋಗಿತ್ತು. 2021ರಲ್ಲಿ ಮನೆಯಿಂದಲೇ ಕೆಲಸ ಮಾಡಲು ಊರಿಗೆ ಬಂದಾಗ, ಭಾನುವಾರಗಳಲ್ಲಿ ಹನಿಲೆಕ್ಕ ಬರೆಯಲು ಕೂತೆ. ಒಂದು ತಾರೀಕು, ಒಂದು ಅಂಕಿ. ಎರಡು ವಾರದಲ್ಲಿ ಮುಗಿಸಬಹುದು ಅಂದುಕೊಂಡಿದ್ದೆ. ಇನ್ನೂ ಮುಗಿದಿಲ್ಲ.

ಮೊದಲ ಎಡವಟ್ಟು ತಾರೀಕಿನದ್ದೇ. ಫೋನಿಗೆ ದಿನ ಶುರುವಾಗುವುದು ನಡುರಾತ್ರಿ ಹನ್ನೆರಡಕ್ಕೆ. ಮಳೆಯ ದಿನ ಶುರುವಾಗುವುದು ಬೆಳಿಗ್ಗೆ ಎಂಟೂವರೆಗೆ. ಇಂದು ಬೆಳಿಗ್ಗೆ ಅಳೆದದ್ದರಲ್ಲಿ ಬಹುಪಾಲು ನಿನ್ನೆಯ ಮಳೆ, ಅಲ್ವಾ? ಹಾಗಾಗಿ ನಾನು ಬುದ್ಧಿವಂತಿಕೆಯಿಂದ ಅದನ್ನು ನಿನ್ನೆಯ ಲೆಕ್ಕಕ್ಕೆ ಹಾಕಿದೆ. ಅಪ್ಪಯ್ಯನ ಡೈರಿಗೂ ಆಪ್‌ಗೂ ಒಂದು ದಿನದ ವ್ಯತ್ಯಾಸ ಬಂತು. ಹವಾಮಾನ ಇಲಾಖೆಯ ಪದ್ಧತಿಯಲ್ಲಿ, ಬೆಳಿಗ್ಗೆ ಎಂಟೂವರೆಗೆ ಮುಗಿಯುವ 24 ಗಂಟೆಗಳ ಮಳೆಯನ್ನು ಅಳೆದ ದಿನದ ತಾರೀಕಿಗೇ ಬರೆಯುತ್ತಾರೆ. ಅಪ್ಪಯ್ಯನದ್ದೂ ಅದೇ ಕ್ರಮ. ಆದರೆ ನಮ್ಮ ಪಕ್ಕದ ಮನೆಯವರು ತಲೆಮಾರಿನಿಂದ ಹಿಂದಿನ ದಿನಕ್ಕೇ ಬರೆಯುವವರು. ಯಾರನ್ನು ತಿದ್ದುವುದು? ಅದಕ್ಕೇ ಆಪ್ ಮೊದಲ ಸಲ ತೆರೆದಾಗ ‘ಬೆಳಿಗ್ಗೆ ಅಳೆದ ಮಳೆ ಯಾವ ದಿನದ್ದು?’ ಎಂದು ಕೇಳುತ್ತದೆ. ವಿಚಿತ್ರ ಪ್ರಶ್ನೆ ಅನ್ನಿಸಿದರೆ ಸುಮ್ನೆ ‘ಇವತ್ತಿನದು’ ಒತ್ತಿ ಮುಂದೆ ಹೋಗಿ.

ಎರಡನೆಯದು ಇಂಚು. ಕಾಫಿ ತೋಟದ ಹಳಬರು ಮಿಲಿಮೀಟರ್ ಅನ್ನುವುದಿಲ್ಲ. ಅವರದ್ದು ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನಾನು ಅವರು ಬರೆದದ್ದನ್ನು ಮಿಲಿಮೀಟರ್‌ಗೆ ತಿರುಗಿಸಿ, ಹತ್ತಿರದ ಪೂರ್ಣ ಅಂಕಿ ಮಾಡಿ ಇಡುತ್ತಿದ್ದೆ. ಕೊಪ್ಪದ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. ‘ಏನಮ್ಮಾ, ನಾನು ಬರೆದದ್ದು ಎರಡಿಂಚು ಮೂವತ್ತೈದು ಸೆಂಟು. ನಿನ್ನ ಆಪು ಮೂವತ್ತಾರು ಅಂತದೆ. ಆ ಒಂದು ಸೆಂಟು ಮಳೆ ನೀನು ಸುರಿಸಿದ್ಯಾ?’ ಲೆಕ್ಕ ಹಾಕಿ ನೋಡಿದೆ. 59.69 ಇದ್ದದ್ದನ್ನು 60 ಮಾಡಿ, ಮತ್ತೆ ಇಂಚಿಗೆ ತಿರುಗಿಸಿದರೆ 2.36. ಅವರು ಹೇಳಿದ್ದೇ ಸರಿ. ಈಗ ನೀವು ಬರೆದ ಅಂಕಿ ಹೇಗೆ ಬರೆದಿರೋ ಹಾಗೇ ಉಳಿಯುತ್ತದೆ. ತಿರುಗಿಸಿದ್ದು ತೋರಿಸುವುದಕ್ಕೆ ಮಾತ್ರ.

ಇಂಥ ಫೋನ್‌ಗಳಿಂದಲೇ ಆಪ್ ಬೆಳೆದದ್ದು. ಖಾಲಿ ಬಿಟ್ಟ ದಿನವೂ ಸೊನ್ನೆ ಬರೆದ ದಿನವೂ ಒಂದೇ ಅಲ್ಲ ಎಂದು ಅಮ್ಮ ಹೇಳಿಕೊಟ್ಟರು. ಖಾಲಿ ಅಂದರೆ ಅಳೆದಿಲ್ಲ, ಸೊನ್ನೆ ಅಂದರೆ ಅಳೆದೆ, ಮಳೆ ಇರಲಿಲ್ಲ. ಆಗುಂಬೆ ಕಡೆಯ ಒಬ್ಬರು ‘ತುಂಬಿ ಹರಿಯಿತು’ ಅನ್ನುವ ಗುಂಡಿ ಕೇಳಿದರು. ಸಣ್ಣ ಮಾಪಕ ಇಟ್ಟುಕೊಂಡವರಿಗೆ ರಾತ್ರಿ ನಿದ್ದೆಯಲ್ಲಿ ಎಷ್ಟು ಹೊರಚೆಲ್ಲಿತು ಎಂದು ಗೊತ್ತಾಗುವುದಿಲ್ಲ. ಇಷ್ಟಕ್ಕಿಂತ ಜಾಸ್ತಿ ಎಂದಷ್ಟೇ ಬರೆಯಬಹುದು. ಬೆಂಗಳೂರಿನಲ್ಲಿ ಕೂತು ಮಾಡಿದ್ದರೆ ಈ ಗುಂಡಿ ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ತಿಂಗಳ ಮೊತ್ತ ಯಾರೂ ಅಷ್ಟಾಗಿ ನೋಡುವುದಿಲ್ಲ. ‘ಈ ಸಲ ಆರಿದ್ರೆಯಲ್ಲಿ ಎಷ್ಟು ಹೊಡೀತು, ಪುಷ್ಯದಲ್ಲಿ ಎಷ್ಟು?’ ಇದು ನಮ್ಮ ಕಡೆ ಕೇಳುವ ಪ್ರಶ್ನೆ. ಅದಕ್ಕೇ ಮಳೆ ನಕ್ಷತ್ರದ ಮೊತ್ತ ಮೊದಲ ಪುಟದಲ್ಲೇ ಇದೆ. ಸೂರ್ಯ ಒಂದು ನಕ್ಷತ್ರ ದಾಟಲು 13 ಅಥವಾ 14 ದಿನ ತೆಗೆದುಕೊಳ್ಳುತ್ತಾನೆ. ಆರಿದ್ರೆ ಹುಟ್ಟುವುದು ಜೂನ್ 21–22ರ ಹೊತ್ತಿಗೆ. ಆಪ್ ಇದನ್ನು ತಾನೇ ಲೆಕ್ಕ ಹಾಕುತ್ತದೆ. ನಿಮ್ಮ ಮನೆಯ ಪಂಚಾಂಗದಲ್ಲಿ ಒಂದು ದಿನ ಆಚೀಚೆ ಇದ್ದರೆ ಬದಲಿಸಿಕೊಳ್ಳಿ. ಪಂಚಾಂಗದವರ ಜೊತೆ ಜಗಳಕ್ಕೆ ನಾನು ಹೋಗುವುದಿಲ್ಲ.

ಕೊಳೆ ಔಷಧಿಯ ಪುಟದ ಬಗ್ಗೆ ಸ್ವಲ್ಪ ಹೇಳಬೇಕು. ಅಡಿಕೆಗೆ ಕೊಳೆರೋಗ ಬಾರದಂತೆ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಸುತ್ತೇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 30ರಿಂದ 45 ದಿನಕ್ಕೆ ಇನ್ನೊಂದು ಸಲ. ಪುಸ್ತಕದಲ್ಲಿ ಇಷ್ಟು ಸುಲಭ. ನಿಜವಾಗಿ ಆಗುವುದು ಏನೆಂದರೆ, 35ನೇ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಮರ ಹತ್ತುವವರು ಸಿಗುವುದಿಲ್ಲ. ಆಪ್‌ನಲ್ಲಿ ಹೊಡೆಸಿದ ತಾರೀಕು ಬರೆದಿಟ್ಟರೆ, ಅಲ್ಲಿಂದ ಎಷ್ಟು ದಿನವಾಯ್ತು, ಎಷ್ಟು ಮಳೆ ಬಿತ್ತು, ನಡುವೆ ಎಷ್ಟು ದಿನ ಬಿಡುವು ಸಿಕ್ಕಿತು ಎಂದು ತೋರಿಸುತ್ತದೆ. ‘ಇವತ್ತು ಹೊಡೆಸಿ’ ಎಂದು ಮಾತ್ರ ಹೇಳುವುದಿಲ್ಲ. ಹೇಳುವಂತೆ ಮಾಡಿ ಎಂದು ಬಹಳ ಜನ ಕೇಳಿದ್ದಾರೆ. ನಿಮ್ಮ ತೋಟ ನೋಡದೆ ಆ ಮಾತು ಹೇಳುವ ಧೈರ್ಯ ನನಗಿಲ್ಲ. ನಾಳೆಯ ಮಳೆಯ ಮುನ್ಸೂಚನೆಯೂ ಇಲ್ಲ. ಅದಕ್ಕೆ ಹವಾಮಾನ ಇಲಾಖೆ ಇದೆ. ಇದು ಬಿದ್ದ ಮಳೆಯ ಪುಸ್ತಕ.

ಇನ್ನು, ನಿಮ್ಮ ಲೆಕ್ಕ ಎಲ್ಲಿರುತ್ತದೆ? ನಿಮ್ಮ ಫೋನಿನಲ್ಲಿ. ನನ್ನ ಬಳಿ ಸರ್ವರ್ ಇಲ್ಲ, ನೀವು ಖಾತೆ ತೆರೆಯಬೇಕಾಗಿಲ್ಲ, ಫೋನ್ ನಂಬರ್ ಕೊಡಬೇಕಾಗಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ನಮ್ಮೂರಲ್ಲಿ ಜುಲೈ ತಿಂಗಳು ಪೂರ್ತಿ ನಡೆಯಬೇಕೆಂದರೆ ಬೇರೆ ದಾರಿಯೂ ಇರಲಿಲ್ಲ. ಫೋನ್ ನೀರಿಗೆ ಬಿದ್ದರೆ ಗತಿ ಏನು ಎಂದು ಕೇಳುತ್ತೀರಿ. ಪ್ರತಿ ಭಾನುವಾರ ಆಪ್ ಒಂದು ಕಡತ ಮಾಡಿ ‘ಎಲ್ಲಿಗೆ ಕಳಿಸಲಿ?’ ಎನ್ನುತ್ತದೆ. ಮಗಳ ವಾಟ್ಸಾಪ್‌ಗೆ ಕಳಿಸಿ, ನಿಮ್ಮದೇ ಮೇಲ್‌ಗೆ ಕಳಿಸಿ, ನಿಮ್ಮಿಷ್ಟ. ಆ ಕಡತ ಹೀಗಿರುತ್ತದೆ:

```
date,value,unit,note
2024-07-18,142.5,mm,ರಾತ್ರಿ ಒಮ್ಮೆ ಸುರಿದೆ
2024-07-19,96,mm,
2024-07-20,2.35,inch,ತುಂಬಿ ಹರಿಯಿತು
```

ಇದನ್ನು ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯಬಹುದು, ನನ್ನ ಆಪ್ ಬೇಕೆಂದೇ ಇಲ್ಲ. ನಾಳೆ ನಾನು ಇದನ್ನೆಲ್ಲ ಬಿಟ್ಟು ಬರೀ ಮೆಣಸು ಕೊಯ್ಯುತ್ತಾ ಕೂತರೂ ನಿಮ್ಮ 2024 ಎಲ್ಲೂ ಹೋಗುವುದಿಲ್ಲ. ಆಪ್ ಮಾಡಿದ್ದೇ ಇದಕ್ಕಾಗಿ. ಉಳಿದ ಪುಟಗಳೆಲ್ಲ ಆಮೇಲೆ ಸೇರಿದ್ದು. ವರ್ಷದ ಕೊನೆಗೆ ಪೂರ್ತಿ ಪುಸ್ತಕವನ್ನು ಪ್ರಿಂಟ್ ಹಾಕಿಸುವ ಸೌಲಭ್ಯವೂ ಇದೆ, ಅಪ್ಪಯ್ಯನ ಹಟಕ್ಕೆ ಮಾಡಿದ್ದು.

ಬಹಳ ಕಾಲ ಇದನ್ನು ವಾಟ್ಸಾಪ್‌ನಲ್ಲೇ ಹಂಚುತ್ತಿದ್ದೆ. 2025ರಲ್ಲಿ ಪ್ಲೇ ಸ್ಟೋರ್‌ಗೆ ಹಾಕಲು ಹೊರಟೆ. ಹೊಸದಾಗಿ ಬರುವ ಒಬ್ಬಂಟಿ ಡೆವಲಪರ್‌ಗಳಿಗೆ ಅಲ್ಲಿ ಒಂದು ನಿಯಮ ಇದೆ: ಮೊದಲು 12 ಜನ ಸತತ 14 ದಿನ ಪರೀಕ್ಷಕರಾಗಿ ಇರಬೇಕು. 12 ಜನರನ್ನು ಎಲ್ಲಿಂದ ತರುವುದು? ಅದೇ ವಾರ ಸಂಬಂಧಿಕರ ಮನೆಯಲ್ಲಿ ಗೃಹಪ್ರವೇಶ. ಊಟದ ಪಂಕ್ತಿ ಏಳುವ ಮೊದಲೇ ಒಬ್ಬೊಬ್ಬರ ಫೋನ್ ಇಸ್ಕೊಂಡು 15 ಜನರನ್ನು ಸೇರಿಸಿದೆ. ಒಬ್ಬ ಭಾವ ‘ಇದೆಂಥದ್ದೋ ಗೊತ್ತಾಗಲಿಲ್ಲ’ ಎಂದು ನಾಲ್ಕನೇ ದಿನವೇ ಹೊರಗೆ ಹೋದರು. ಉಳಿದವರು ನಿಂತರು.

ಬೆಲೆ 199 ರೂಪಾಯಿ, ಒಂದೇ ಸಲ. ತಿಂಗಳ ಚಂದಾ ಇಲ್ಲ, ಜಾಹೀರಾತು ಇಲ್ಲ. ನೋಟ್‌ಬುಕ್ ಕೊಂಡ ಮೇಲೆ ಅಂಗಡಿಯವನು ತಿಂಗಳು ತಿಂಗಳು ದುಡ್ಡು ಕೇಳಲು ಬರುವುದಿಲ್ಲವಲ್ಲ. ಇದರಿಂದ ಮನೆ ನಡೆಯುತ್ತದೆಯೇ ಎಂದರೆ, ಇಲ್ಲ. ವಾರಕ್ಕೆ ಮೂರು ದಿನ ಈಗಲೂ ಬೇರೆಯವರಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಬರೆಯುತ್ತೇನೆ. ಉಳಿದ ದಿನ ಹನಿಲೆಕ್ಕ ಮತ್ತು ತೋಟ. ಐಫೋನ್‌ಗೆ ಯಾವಾಗ ಎಂದು ಕೇಳುವವರಿಗೆ: ಪ್ಲೇ ಸ್ಟೋರ್‌ಗೆ ನಾನು 25 ಡಾಲರ್ ಒಂದೇ ಸಲ ಕಟ್ಟಿದ್ದು. ಆಪಲ್‌ಗೆ ವರ್ಷ ವರ್ಷ 99 ಡಾಲರ್ ಕಟ್ಟಬೇಕು. ನಮ್ಮ ಕಡೆ ಮಳೆ ಅಳೆಯುವವರಲ್ಲಿ ಐಫೋನ್ ಇರುವವರು ಹೆಚ್ಚಾಗಿ ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳು. ಸದ್ಯಕ್ಕೆ ಅವರು ಅಪ್ಪನ ಫೋನಿನಲ್ಲೇ ಬರೆಯಲಿ.

ಮುಂದೆ ಮಾಡಬೇಕೆಂದಿರುವುದು ಒಂದೇ: ಹಳೆಯ ಡೈರಿಗಳನ್ನು ಬೇಗ ಬೇಗ ಟೈಪ್ ಮಾಡಿ ಸೇರಿಸುವ ಪುಟ. ಅಪ್ಪಯ್ಯನದ್ದೇ 1987ರಿಂದ ಇವೆ. ಕೆಲವನ್ನು ಗೆದ್ದಲು ತಿಂದಿದೆ, ಕೆಲವು ಕಡೆ ಶಾಯಿ ಹರಡಿದೆ. ಸಂಜೆ ಅವರು ಓದುತ್ತಾರೆ, ನಾನು ಒತ್ತುತ್ತೇನೆ. ಈಗ 1994ಕ್ಕೆ ಬಂದಿದ್ದೇವೆ.

ಏನಾದರೂ ಹೇಳುವುದಿದ್ದರೆ ಆಪ್‌ನ ಕೊನೆಯ ಪುಟದಲ್ಲಿ ‘ಶ್ರೀಲತಾಗೆ ಬರೆಯಿರಿ’ ಎಂದು ಇದೆ, ಅದನ್ನು ಒತ್ತಿ. ಕನ್ನಡದಲ್ಲೇ ಬರೆಯಿರಿ. ಸಾಮಾನ್ಯವಾಗಿ ಅದೇ ದಿನ ಉತ್ತರಿಸುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಎರಡು ಮೂರು ದಿನ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ. ಲೈನ್ ಮೇಲೆ ಮರ ಬಿದ್ದಿರುತ್ತದೆ.