ಗುತ್ತಿಗೆದಾರರಿಗೆ ಇ-ಮೇಲ್: ಕರಡು ಮತ್ತು ಕೊನೆಯ ಪರಿಶೀಲನೆ

ಕಾರ್ಯದರ್ಶಿಯವರು ಅಂಟಿಸಿದ ಕರಡು:

ವಿಷಯ: ಇಂಗುಬಾವಿ ಕೆಲಸ

ಮಾನ್ಯರೇ,
ಜಯನಗರದ ನಮ್ಮ ಅಪಾರ್ಟ್‌ಮೆಂಟ್ ಆವರಣದಲ್ಲಿ ತಾವು ತೆಗೆದ 4 ಇಂಗುಬಾವಿಗಳು ತಲಾ 20 ಅಡಿ ಆಳವಿರಬೇಕೆಂದು ಒಪ್ಪಂದವಾಗಿತ್ತು. ಜೂನ್ 14ರ ಶನಿವಾರ ಟೇಪು ಇಳಿಬಿಟ್ಟು ಅಳೆದಾಗ ಗೇಟಿನ ಪಕ್ಕದ ಬಾವಿ 17 ಅಡಿ ಮಾತ್ರ ಇದೆ. ಇದು ನಿವಾಸಿಗಳ ಕಣ್ಣಿಗೆ ಮಣ್ಣೆರಚುವ ಮೋಸವಲ್ಲದೆ ಇನ್ನೇನು? ಒಟ್ಟು 1,52,000 ರೂಪಾಯಿಯಲ್ಲಿ 90,000 ರೂಪಾಯಿ ಕೊಟ್ಟಾಗಿದೆ. ಬಾಕಿ 62,000 ರೂಪಾಯಿಯನ್ನು ಕೊಡುವ ಪ್ರಶ್ನೆಯೇ ಇಲ್ಲ. ಒಪ್ಪಂದದ ಪ್ರತಿ ಮತ್ತು ಫೋಟೋಗಳನ್ನು ಲಗತ್ತಿಸಿದೆ. ಕೂಡಲೇ ಉತ್ತರಿಸಿ.
ಕಾರ್ಯದರ್ಶಿ, ನಿವಾಸಿಗಳ ಸಂಘ

ಸೆಂಡ್.

ಖಜಾಂಚಿಯ ಉತ್ತರ:

ಕಾರ್ಯದರ್ಶಿಯವರೇ, ಕೊನೆಯಲ್ಲಿ ‘ಸೆಂಡ್’ ಎಂದು ಬರೆದಿರುವುದರಿಂದ ನನ್ನ ಒಪ್ಪಿಗೆಯಷ್ಟೇ ಬಾಕಿ ಎಂದು ತಾವು ಭಾವಿಸಿರಬಹುದು. ದಯವಿಟ್ಟು ಇನ್ನೂ ಅರ್ಧ ಗಂಟೆ ತಡೆಯಿರಿ.

‘ಮೋಸ’ ಎಂಬ ಪದವನ್ನು ತೆಗೆಯಲೇಬೇಕು. ಟೇಪು ಮುಟ್ಟಿದ್ದು ಬಾವಿಯ ತಳವನ್ನೋ ಅಥವಾ ಮೊನ್ನೆಯ ಮಳೆಗೆ ಚರಂಡಿಯಿಂದ ಹರಿದುಬಂದು ಕುಳಿತ ಹೂಳನ್ನೋ ಎಂಬುದನ್ನು ನಾವು ನೋಡಿಲ್ಲ. ಗೇಟಿನ ಪಕ್ಕದ ಬಾವಿಗೆ ಮಾತ್ರ ಪಾರ್ಕಿಂಗ್ ಜಾಗದ ನೀರು ನೇರವಾಗಿ ಬೀಳುತ್ತದೆ, ಉಳಿದ ಮೂರಕ್ಕೆ ಛಾವಣಿಯ ನೀರು ಜಾಲರಿ ದಾಟಿ ಬರುತ್ತದೆ. ವ್ಯತ್ಯಾಸ ಆ ಒಂದರಲ್ಲೇ ಕಂಡಿರುವುದು ಸುಮ್ಮನೆ ಬಿಡುವ ಸಂಗತಿಯಲ್ಲ. ಕಣ್ಣಿಗೆ ಮಣ್ಣೆರಚಿದ್ದು ಗುತ್ತಿಗೆದಾರರೋ ಮಳೆಯೋ ಎಂಬುದು ಇನ್ನೂ ತೀರ್ಮಾನವಾಗಬೇಕಿದೆ. ಬಾವಿಗೆ ಇಳಿಸಿದ ಸಿಮೆಂಟ್ ರಿಂಗ್‌ಗಳು ತಲಾ ಒಂದು ಅಡಿ ಎತ್ತರದವು; ಹೂಳು ತೆಗೆಸಿ ಎಣಿಸಿದರೆ 20 ಇವೆಯೋ 17 ಇವೆಯೋ ಎಂಬುದು ಯಾರ ವಾದವೂ ಇಲ್ಲದೆ ತಿಳಿಯುತ್ತದೆ. ‘ಕೊಡುವ ಪ್ರಶ್ನೆಯೇ ಇಲ್ಲ’ ಎಂದು ಬರೆದು, ನಾಳೆ 20 ರಿಂಗ್ ಸಿಕ್ಕರೆ, ಆ ಮಾತನ್ನು ನುಂಗಬೇಕಾದವರು ನಾವೇ.

ವಿಳಾಸದ ಜಾಗದಲ್ಲಿ ಎರಡು ತಪ್ಪುಗಳಿವೆ. ಮೊದಲ ಅಕ್ಷರಗಳನ್ನು ಒತ್ತುತ್ತಿದ್ದಂತೆ ತಾನಾಗಿ ತುಂಬಿಕೊಂಡಿರುವುದು ಹೋದ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಕಳುಹಿಸುತ್ತಿದ್ದವರ ವಿಳಾಸ. ಗುತ್ತಿಗೆದಾರರದು ಒಪ್ಪಂದದ ಮೊದಲ ಪುಟದಲ್ಲಿದೆ. ಇದಲ್ಲದೆ 84 ಮನೆಗಳ ಗುಂಪು ವಿಳಾಸವನ್ನೂ ಅದೇ ಸಾಲಿನಲ್ಲಿ ಹಾಕಿದ್ದೀರಿ. ಅವರು ‘ಎಲ್ಲರಿಗೂ ಉತ್ತರಿಸಿ’ ಒತ್ತಿದರೆ ಬಾಕಿ ಹಣದ ಚರ್ಚೆ ಅಷ್ಟೂ ಮನೆಗಳ ಮುಂದೆ ನಡೆಯುತ್ತದೆ, ಮತ್ತು ಲಿಫ್ಟಿನಲ್ಲಿ ಅದಕ್ಕೆ ಉತ್ತರ ಹೇಳುತ್ತಾ ನಿಲ್ಲುವವನು ಖಜಾಂಚಿಯಾದ ನಾನು. ಸಮಿತಿಯ ಐವರನ್ನು ಮಾತ್ರ Cc ಸಾಲಿನಲ್ಲಿ ಇಡಿ.

ಇನ್ನು, ಲಗತ್ತಿಸಿದೆ ಎಂದಿದ್ದೀರಿ, ಏನೂ ಲಗತ್ತಾಗಿಲ್ಲ. ಗುಂಪಿನಲ್ಲಿ ಹಾಕಿದ 11 ಫೋಟೋಗಳನ್ನೂ ಸೇರಿಸಲು ಹೋಗಬೇಡಿ. ಒಟ್ಟು 25 ಎಂಬಿ ದಾಟಿದರೆ ಜಿಮೇಲ್ ಅವನ್ನು ಡ್ರೈವ್ ಲಿಂಕ್ ಆಗಿ ಬದಲಿಸುತ್ತದೆ, ಅನುಮತಿ ಕೊಡದಿದ್ದರೆ ಆ ಲಿಂಕ್ ಅವರಿಗೆ ತೆರೆಯುವುದಿಲ್ಲ. ಬಾವಿಯ ಬಾಯಿಯ ಮಟ್ಟದಲ್ಲಿ ಟೇಪಿನ 17 ಸ್ಪಷ್ಟವಾಗಿ ಕಾಣುವ ಒಂದು ಫೋಟೋ ಸಾಕು. ಒಪ್ಪಂದದಲ್ಲಿ ಅಳತೆಯ ವಿವರ ಇರುವ 2ನೇ ಪುಟವನ್ನಷ್ಟೇ ಸೇರಿಸಿ.

ತಿದ್ದಿದ ಪತ್ರ ಹೀಗಿದೆ:

ವಿಷಯ: ಗೇಟಿನ ಪಕ್ಕದ ಇಂಗುಬಾವಿಯ ಆಳ – ಜಂಟಿ ಪರಿಶೀಲನೆಗೆ ಕೋರಿಕೆ

ಮಾನ್ಯರೇ,
ಜಯನಗರದ ನಮ್ಮ ಅಪಾರ್ಟ್‌ಮೆಂಟ್ ಆವರಣದಲ್ಲಿ ತಾವು ತೆಗೆದ 4 ಇಂಗುಬಾವಿಗಳ ಪೈಕಿ ಗೇಟಿನ ಪಕ್ಕದ್ದು, ಒಪ್ಪಂದದ 20 ಅಡಿಯ ಬದಲು, ಜೂನ್ 14ರ ನಮ್ಮ ಅಳತೆಯಲ್ಲಿ 17 ಅಡಿ ಕಂಡಿದೆ. ಹೂಳು ತುಂಬಿರುವ ಸಾಧ್ಯತೆ ಇರುವುದರಿಂದ, ಜೂನ್ 21ರ ಶನಿವಾರ ಬೆಳಿಗ್ಗೆ 10 ಗಂಟೆಗೆ ತಮ್ಮ ಮೇಸ್ತ್ರಿಯನ್ನು ಕಳುಹಿಸಿ, ಹೂಳು ತೆಗೆಸಿ, ನಮ್ಮ ಸಮಕ್ಷಮದಲ್ಲಿ ರಿಂಗ್‌ಗಳನ್ನು ಎಣಿಸಲು ಕೋರುತ್ತೇವೆ. ಆಳ ಸರಿಯಿದ್ದರೆ ಬಾಕಿ 62,000 ರೂಪಾಯಿಯನ್ನು ಮೂರು ದಿನಗಳೊಳಗೆ ಪಾವತಿಸುತ್ತೇವೆ. ಕಡಿಮೆಯಿದ್ದರೆ ಆ ಬಾವಿಯನ್ನು ಪೂರ್ಣಗೊಳಿಸಿದ ಬಳಿಕ ಪಾವತಿಸುತ್ತೇವೆ. ಒಪ್ಪಂದದ 2ನೇ ಪುಟ ಮತ್ತು ಅಳತೆಯ ಒಂದು ಫೋಟೋವನ್ನು ಲಗತ್ತಿಸಿದೆ.
ಇಂತಿ,
ಕಾರ್ಯದರ್ಶಿ, ನಿವಾಸಿಗಳ ಸಂಘ

ಲಗತ್ತುಗಳೆರಡೂ ಕೆಳಗೆ ಕಾಣಿಸಿದ ಮೇಲೆ, ಗುತ್ತಿಗೆದಾರರ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಿ ಕಳುಹಿಸಿ. ಕಳುಹಿಸಿದ್ದನ್ನು ಹಿಂತೆಗೆಯುವ ಅವಧಿ ತಮ್ಮ ಜಿಮೇಲ್‌ನಲ್ಲಿ 5 ಸೆಕೆಂಡಿಗೆ ನಿಂತಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು 30ಕ್ಕೆ ಏರಿಸಿಕೊಂಡು ಆಮೇಲೆ ಒತ್ತಿ.