ಪ್ರವೇಶ ರದ್ದು ಮತ್ತು ಶುಲ್ಕ ವಾಪಸಾತಿ: ನಮ್ಮ ಹೊಸ ನಿಯಮಗಳು

ಸರಸ್ವತಿಪುರಂ, ಮೈಸೂರು. ಜಾರಿ: 2025ರ ಜೂನ್ 1

ನಮ್ಮ ತರಬೇತಿ ಕೇಂದ್ರದ ಹಳೆಯ ಪ್ರವೇಶ ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: "ಒಮ್ಮೆ ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ." ಪಾಂಡವಪುರದಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ತಂದೆಗೆ ಹುಷಾರಿಲ್ಲದೆ ಮೂರನೇ ವಾರಕ್ಕೇ ಓದು ಬಿಡಬೇಕಾಯಿತು. ನಾವು ಆ ಸಾಲನ್ನು ತೋರಿಸಿ ಅವರನ್ನು ಬರಿಗೈಯಲ್ಲಿ ಕಳಿಸಿದೆವು. ಅದು ತಪ್ಪು. ಕಲಿಸದ ಪಾಠಕ್ಕೆ ಹಣ ಇಟ್ಟುಕೊಳ್ಳುವುದು ಸರಿಯಲ್ಲ ಎಂದು ಒಪ್ಪಿಕೊಂಡು ಆ ಹಣ ವಾಪಸು ಕೊಟ್ಟಿದ್ದೇವೆ, ಆ ಸಾಲನ್ನೂ ತೆಗೆದುಹಾಕಿದ್ದೇವೆ. ಅದರ ಜಾಗಕ್ಕೆ ಬಂದಿರುವ ನಿಯಮಗಳು ಇವು. ಹಣ ಕಟ್ಟುವ ಮೊದಲು ಓದಿ. ಮನೆಯವರಿಗೂ ಓದಿ ಹೇಳಿ. ಅರ್ಥವಾಗದ್ದನ್ನು ಕೌಂಟರಿನಲ್ಲಿ ಕೇಳಿ, ಅದನ್ನು ವಿವರಿಸುವುದು ನಮ್ಮ ಕೆಲಸ.

ನೀವು ಕಟ್ಟುವ ಹಣ ಯಾವುದಕ್ಕೆ

ಎಫ್‌ಡಿಎ–ಎಸ್‌ಡಿಎ ಪರೀಕ್ಷಾ ತರಬೇತಿಗೆ ಒಟ್ಟು ₹24,000, ಜಿಎಸ್‌ಟಿ ಸೇರಿ. ಇದರಲ್ಲಿ ₹500 ನೋಂದಣಿಗೆ, ₹1,500 ಪುಸ್ತಕ ಮತ್ತು ಅಭ್ಯಾಸ ಪ್ರಶ್ನೆಪತ್ರಿಕೆಗಳಿಗೆ, ಉಳಿದ ₹22,000 ಪಾಠಕ್ಕೆ. ಪಾಠ 110 ತರಗತಿ, ಅಂದರೆ ಒಂದು ತರಗತಿಗೆ ₹200. ಮುಂದಿನ ಲೆಕ್ಕವೆಲ್ಲ ಈ ₹200ರ ಮೇಲೆಯೇ ನಿಂತಿದೆ.

ಕಂತಿನಲ್ಲಿ ಕಟ್ಟುವವರಿಗೆ ಮೂರು ಕಂತು, ತಲಾ ₹8,000. ಮೊದಲನೆಯದು ಸೇರುವಾಗ, ಎರಡನೆಯದು 31ನೇ ತರಗತಿಗೆ ಮೊದಲು, ಮೂರನೆಯದು 71ನೇ ತರಗತಿಗೆ ಮೊದಲು. ಮೊದಲ ಕಂತಿನಲ್ಲಿ ನೋಂದಣಿ ಮತ್ತು ಪುಸ್ತಕದ ₹2,000 ಹೋದರೆ ಉಳಿಯುವುದು 30 ತರಗತಿಯ ಹಣ, ನಂತರದ ಕಂತುಗಳು ತಲಾ 40 ತರಗತಿಗೆ. ಹೀಗಾಗಿ ಕಂತನ್ನು ಹೊತ್ತಿಗೆ ಕಟ್ಟಿಕೊಂಡು ಬಂದವರು ಯಾವಾಗ ಬಿಟ್ಟರೂ ನಮಗೆ ಬಾಕಿ ಇರುವುದಿಲ್ಲ, ಮುಂದಿನ ಕಂತನ್ನು ನಾವೂ ಕೇಳುವುದಿಲ್ಲ.

ತರಗತಿ ಶುರುವಾಗುವ ಮೊದಲು, ಮತ್ತು ಮೊದಲ ಐದು ತರಗತಿ

ಬ್ಯಾಚ್ ಶುರುವಾಗುವ ಮೊದಲೇ ಬೇಡವೆಂದರೆ ನೋಂದಣಿಯ ₹500 ಬಿಟ್ಟು ಎಲ್ಲವೂ ವಾಪಸು. ಐದು ತರಗತಿ ಕೂತು ನೋಡಿ, ಪಾಠ ಹಿಡಿಸಲಿಲ್ಲವೆಂದರೂ ಇದೇ ನಿಯಮ. ಆ ಐದು ತರಗತಿಗೆ ಹಣ ಹಿಡಿಯುವುದಿಲ್ಲ. ಪುಸ್ತಕದಲ್ಲಿ ಏನೂ ಬರೆಯದೆ ಮರಳಿಸಿದರೆ ₹1,500 ಕೂಡ ಬರುತ್ತದೆ. ಬರೆದಿದ್ದರೆ ಅದು ನಿಮ್ಮದೇ, ಆ ಹಣ ಬರುವುದಿಲ್ಲ.

ನಡುವೆ ಬಿಟ್ಟರೆ

ಐದು ತರಗತಿ ದಾಟಿದ ಮೇಲೆ ಯಾವ ದಿನ ಬಿಟ್ಟರೂ, ನಡೆಯಬೇಕಾಗಿರುವ ತರಗತಿಗಳ ಹಣ ನಿಮ್ಮದು. ಅರ್ಧ ಮುಗಿಯಿತು, ಮುಕ್ಕಾಲು ಮುಗಿಯಿತು ಎಂಬ ಗಡಿ ಇಲ್ಲ. ಕಾರಣವನ್ನೂ ಕೇಳುವುದಿಲ್ಲ. ಕೆಲಸ ಸಿಕ್ಕಿತು, ಮದುವೆಯಾಯಿತು, ಗದ್ದೆ ಕೆಲಸಕ್ಕೆ ಊರಿಗೆ ಹೋಗಬೇಕು, ಮನಸ್ಸಿಲ್ಲ: ಎಲ್ಲಕ್ಕೂ ಲೆಕ್ಕ ಒಂದೇ.

ಒಂದು ಉದಾಹರಣೆ. ಪೂರ್ತಿ ₹24,000 ಕಟ್ಟಿದವರು 34 ತರಗತಿ ನಡೆದ ಮೇಲೆ ಅರ್ಜಿ ಕೊಟ್ಟರು. 34 ತರಗತಿಗೆ ₹6,800, ಪುಸ್ತಕಕ್ಕೆ ₹1,500, ನೋಂದಣಿಗೆ ₹500, ಒಟ್ಟು ₹8,800. ಅವರಿಗೆ ವಾಪಸು ₹15,200. ಎರಡು ಕಂತು, ಅಂದರೆ ₹16,000 ಕಟ್ಟಿ 50 ತರಗತಿಯ ನಂತರ ಬಿಟ್ಟವರಿಗೆ ₹12,000 ಕಳೆದು ₹4,000.

ಲೆಕ್ಕಕ್ಕೆ ಹಿಡಿಯುವುದು ನಡೆದ ತರಗತಿಗಳನ್ನು, ನಿಮ್ಮ ಹಾಜರಾತಿಯನ್ನಲ್ಲ. ಇದು ಕೆಲವರಿಗೆ ಕಷ್ಟವೆನಿಸಬಹುದು. ಆದರೆ ನೀವು ಬರದ ದಿನವೂ ಮೇಷ್ಟ್ರು ಬಂದು ಪಾಠ ಮಾಡಿರುತ್ತಾರೆ, ಅವರ ಸಂಬಳ ನಿಲ್ಲುವುದಿಲ್ಲ. ಆದ್ದರಿಂದ ಬಿಡುವ ಮನಸ್ಸಿದ್ದರೆ ಸುಮ್ಮನೆ ಬರುವುದನ್ನು ನಿಲ್ಲಿಸಬೇಡಿ, ಅಂದೇ ತಿಳಿಸಿ. ದಸರಾ ರಜೆ, ಬಂದ್, ನಮ್ಮ ಕಡೆಯಿಂದ ರದ್ದಾದ ದಿನ ಇವು ನಡೆದ ತರಗತಿಯ ಲೆಕ್ಕಕ್ಕೆ ಸೇರುವುದಿಲ್ಲ.

ಕಾಯಿಲೆ, ಹೆರಿಗೆ, ಮನೆಯ ಕಷ್ಟ

ಬಿಡುವುದೇ ಬೇಡ, ಸ್ವಲ್ಪ ದಿನ ತಡೆಯಬೇಕು ಎನ್ನುವವರು ಹತ್ತು ತಿಂಗಳೊಳಗೆ ಬೇರೆ ಬ್ಯಾಚಿನಲ್ಲಿ ಬಿಟ್ಟಲ್ಲಿಂದ ಮುಂದುವರಿಸಬಹುದು. ಹೆಚ್ಚಿನ ಹಣ ಬೇಡ, ಅಷ್ಟರಲ್ಲಿ ಶುಲ್ಕ ಏರಿದ್ದರೂ ನಿಮಗೆ ಹಳೆಯದೇ. ವಿದ್ಯಾರ್ಥಿ ತೀರಿಕೊಂಡರೆ ಉಳಿದ ತರಗತಿಗಳ ಹಣದ ಜೊತೆಗೆ ಪುಸ್ತಕ ಮತ್ತು ನೋಂದಣಿಯ ಹಣವನ್ನೂ ನಾವೇ ಮನೆಯವರನ್ನು ಸಂಪರ್ಕಿಸಿ ತಲುಪಿಸುತ್ತೇವೆ. ಅವರು ಕಚೇರಿಗೆ ಅಲೆಯಬೇಕಿಲ್ಲ.

ತಪ್ಪು ನಮ್ಮದಾದರೆ

ಹೇಳಿದ ದಿನದಿಂದ 15 ದಿನವಾದರೂ ಬ್ಯಾಚ್ ಶುರುವಾಗದಿದ್ದರೆ, ಅಥವಾ ಜನ ಸಾಲದೆ ನಾವೇ ಬ್ಯಾಚ್ ಕೈಬಿಟ್ಟರೆ, ನೋಂದಣಿ ಸೇರಿ ಕಟ್ಟಿದ್ದೆಲ್ಲ ವಾಪಸು.

ಸಂಜೆ ಬ್ಯಾಚ್ 7 ಗಂಟೆಗೆ ಮುಗಿಯುತ್ತದೆ ಎಂದು ನಂಬಿ ಮಂಡ್ಯ, ನಂಜನಗೂಡು, ಶ್ರೀರಂಗಪಟ್ಟಣದಿಂದ ಬರುವವರಿದ್ದಾರೆ. ಸಮಯವನ್ನು ಅರ್ಧ ಗಂಟೆಗಿಂತ ಹೆಚ್ಚು ಮುಂದೂಡಿದರೆ ಅವರಿಗೆ ಬಸ್ಸೂ ತಪ್ಪುತ್ತದೆ, ರೈಲೂ ತಪ್ಪುತ್ತದೆ. ಅಂಥ ಬದಲಾವಣೆ ಒಪ್ಪದವರಿಗೆ ಉಳಿದ ತರಗತಿಗಳ ಹಣದ ಜೊತೆ ಪುಸ್ತಕದ ಹಣ, ನೋಂದಣಿ ಹಣ ಎರಡನ್ನೂ ಕೊಡುತ್ತೇವೆ, ಪುಸ್ತಕ ಮರಳಿಸಬೇಕಿಲ್ಲ. ಕಟ್ಟಡ ಬದಲಿಸಿದರೂ ಹೀಗೆಯೇ.

ಸರ್ಕಾರ ಪರೀಕ್ಷೆ ಮುಂದೂಡಿದರೆ ಅದು ನಮ್ಮ ಕೈಯಲ್ಲಿಲ್ಲ. ಆಗ "ನಡುವೆ ಬಿಟ್ಟರೆ" ನಿಯಮವೇ ಅನ್ವಯ.

ಹಣ ಪಡೆಯುವುದು ಹೇಗೆ

ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದುಕೊಟ್ಟರೆ ಸಾಕು. ಕಚೇರಿಯ ವಾಟ್ಸಾಪಿಗೆ ಕಳಿಸಿದರೂ ನಡೆಯುತ್ತದೆ, ಸಂದೇಶ ಬಂದ ದಿನವೇ ಅರ್ಜಿಯ ದಿನ. ಲೆಕ್ಕದ ಚೀಟಿ ಮೂರು ದಿನದಲ್ಲಿ, ಹಣ ಹತ್ತು ದಿನದಲ್ಲಿ. ತಡವಾದ ಪ್ರತಿ ದಿನಕ್ಕೆ ₹50 ಸೇರಿಸಿ ಕೊಡುತ್ತೇವೆ. ಯುಪಿಐ ಮೂಲಕ ಕಟ್ಟಿದವರಿಗೆ ಅದೇ ಖಾತೆಗೆ, ನಗದಾಗಿ ಕಟ್ಟಿದವರಿಗೆ ಅವರು ಹೇಳಿದ ಖಾತೆಗೆ. ಸಾಲ ಮಾಡಿ ಕಟ್ಟಿದ್ದರೆ ಹಣ ಮೊದಲು ಸಾಲ ಕೊಟ್ಟವರಿಗೆ ಹೋಗುತ್ತದೆ, ಮಿಕ್ಕಿದ್ದು ನಿಮಗೆ. ವಾಪಸಾಗುವ ಮೊತ್ತದಲ್ಲಿರುವ ಜಿಎಸ್‌ಟಿಯೂ ಜೊತೆಗೇ ಬರುತ್ತದೆ, ಕ್ರೆಡಿಟ್ ನೋಟ್ ಕೊಡುತ್ತೇವೆ. ರಸೀದಿ ಕಳೆದಿದ್ದರೆ ಚಿಂತೆ ಬೇಡ, ನಮ್ಮ ಪುಸ್ತಕದಲ್ಲಿದೆ.

ನಿಮ್ಮ ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಮೂಲ ಪ್ರತಿಯನ್ನು ನಾವು ಯಾವತ್ತೂ ಇಟ್ಟುಕೊಳ್ಳುವುದಿಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ, ನಮಗೆ ತಿಳಿಸಿ. ಪಿಜಿ ಮತ್ತು ಊಟದ ಹಣವನ್ನು ನಾವು ಪಡೆಯುವುದಿಲ್ಲವಾದ್ದರಿಂದ ಅದರ ವಾಪಸಾತಿಯನ್ನು ಆಯಾ ಮಾಲೀಕರ ಬಳಿಯೇ ಮಾತನಾಡಬೇಕು.

ಒಪ್ಪಿಗೆಯಾಗದಿದ್ದರೆ

ಮೊದಲು ಕಚೇರಿ ವ್ಯವಸ್ಥಾಪಕರು, ಅಲ್ಲಿ ಬಗೆಹರಿಯದಿದ್ದರೆ ನಿರ್ದೇಶಕರು. ಐದು ಕೆಲಸದ ದಿನಗಳಲ್ಲಿ ಬರಹದಲ್ಲಿ ಉತ್ತರ ಸಿಗುತ್ತದೆ. ಅದಕ್ಕೂ ಕಾಯದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವ ಹಕ್ಕು ನಿಮಗಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಂಡ್ಯದವರು ಮೈಸೂರಿಗೆ ಬರಬೇಕಿಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ನಮ್ಮ ಶುಲ್ಕದಷ್ಟು ಮೊತ್ತದ ದೂರಿಗೆ ಆಯೋಗ ಶುಲ್ಕ ಪಡೆಯುವುದಿಲ್ಲ. "ವ್ಯಾಜ್ಯ ಬೆಂಗಳೂರಿನಲ್ಲಿ ಮಾತ್ರ" ಎಂದಿದ್ದ ಹಳೆಯ ಷರತ್ತನ್ನು ತೆಗೆದುಹಾಕಿದ್ದೇವೆ.

ಹಳೆಯ ಅರ್ಜಿಗೆ ಸಹಿ ಹಾಕಿ ಈಗ ಓದುತ್ತಿರುವವರಿಗೂ ಈ ನಿಯಮಗಳೇ ಅನ್ವಯಿಸುತ್ತವೆ. ಮುಂದೆ ನಾವು ಇವನ್ನು ಬದಲಿಸಿದರೆ ಆ ಬದಲಾವಣೆ ಹೊಸದಾಗಿ ಸೇರುವವರಿಗೆ ಮಾತ್ರ. ಸೇರುವ ದಿನ ಇದರ ಒಂದು ಪ್ರತಿಗೆ ನಾವು ಸಹಿ ಹಾಕಿ ನಿಮ್ಮ ಕೈಗೆ ಕೊಡುತ್ತೇವೆ.