ಮುದ್ರಾ ಸಾಲಕ್ಕೆ ಒಟಿಎಸ್ ಕೋರಿ ಪತ್ರ

ಚನ್ನಪಟ್ಟಣ
ದಿನಾಂಕ: 19 ಜನವರಿ 2026

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಚನ್ನಪಟ್ಟಣ ಶಾಖೆ

ಇವರಿಂದ,
ನಸೀಮಾ ಬಾನು,
ಬೊಂಬೆ ತಯಾರಿಕೆ ಮತ್ತು ಮಾರಾಟ, ಚನ್ನಪಟ್ಟಣ

ವಿಷಯ: 4172ರಲ್ಲಿ ಕೊನೆಯಾಗುವ ಮುದ್ರಾ ಕಿಶೋರ್ ಸಾಲದ ಖಾತೆಯನ್ನು 2,10,000 ರೂಪಾಯಿಗೆ ಒಟಿಎಸ್, ಅಂದರೆ ಒಂದೇ ಸಲದ ಇತ್ಯರ್ಥದ ಒಪ್ಪಂದದಲ್ಲಿ, ನಾಲ್ಕು ಕಂತಿನಲ್ಲಿ ತೀರಿಸಿ ಮುಗಿಸಲು ಕೋರಿಕೆ.

ಮಾನ್ಯರೇ,

ಹೋದ ವಾರ ನಿಮ್ಮನ್ನು ಶಾಖೆಯಲ್ಲಿ ಕಂಡಾಗ, "ಏನು ಕೊಡ್ತೀರಿ, ಯಾವಾಗ ಕೊಡ್ತೀರಿ, ಎಲ್ಲಿಂದ ತರ್ತೀರಿ, ಬರೆದು ಕೊಡಿ ಅಮ್ಮಾ" ಅಂದಿರಿ. ಅದನ್ನೇ ಬರೆಯುತ್ತಿದ್ದೇನೆ. ನೀವು ಈ ಶಾಖೆಗೆ ಬಂದು ಎಂಟು ತಿಂಗಳಷ್ಟೇ ಆಗಿದೆ. ಹಾಗಾಗಿ ಹಳೆಯ ವಿಷಯವನ್ನೂ ಸ್ವಲ್ಪ ಹೇಳಬೇಕಾಗಿದೆ.

2021ರ ಅಕ್ಟೋಬರ್‌ನಲ್ಲಿ 4,50,000 ರೂಪಾಯಿ ಸಾಲ ಮಂಜೂರಾಯಿತು. ಎರಡು ಲೇತ್, ಆಲೆ ಮರದ ದಾಸ್ತಾನು, ಅರಗು ಮತ್ತು ಬಣ್ಣಕ್ಕೆ ಆ ಹಣ ಹೋಯಿತು. ಕಂತು ತಿಂಗಳಿಗೆ 9,672 ರೂಪಾಯಿ, 60 ಕಂತು. 2021ರ ನವೆಂಬರ್‌ನಿಂದ 2023ರ ಜೂನ್‌ವರೆಗೆ 20 ಕಂತುಗಳನ್ನು ಒಂದೂ ತಪ್ಪಿಸದೆ ಕಟ್ಟಿದ್ದೇನೆ. ಆಮೇಲೆ ಜುಲೈನಲ್ಲಿ 5,000, ಆಗಸ್ಟ್‌ನಲ್ಲಿ 4,000, ಅಕ್ಟೋಬರ್‌ನಲ್ಲಿ 3,000 ಕಟ್ಟಿದೆ. ಅಲ್ಲಿಗೆ ನಿಂತುಹೋಯಿತು. ನವೆಂಬರ್‌ನಲ್ಲಿ ಕಂತು ಬಾರದ ಸಾಲ ಎಂದು ಖಾತೆ ಎನ್‌ಪಿಎ ಆಯಿತು. ಇದುವರೆಗೆ ನಾನು ಕಟ್ಟಿದ್ದು ಒಟ್ಟು 2,05,440 ರೂಪಾಯಿ.

ನಿಮ್ಮ ಕೊನೆಯ ನೋಟಿಸಿನ ಪ್ರಕಾರ 2025ರ ಡಿಸೆಂಬರ್ 31ಕ್ಕೆ ಅಸಲು 3,18,431, ಬಡ್ಡಿ ಮತ್ತು ಇತರೆ ಶುಲ್ಕ 98,149, ಒಟ್ಟು 4,16,580 ರೂಪಾಯಿ ಬಾಕಿ. ಈ ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ.

ಕಂತು ಏಕೆ ನಿಂತಿತು ಎಂದರೆ ಎರಡು ಏಟು ಒಟ್ಟಿಗೆ ಬಿದ್ದವು. ನಮ್ಮ ಅಂಗಡಿ ಇದ್ದದ್ದು ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ. ಮೈಸೂರಿಗೆ ಹೋಗುವವರು ಕಾರು ನಿಲ್ಲಿಸಿ, ಮಕ್ಕಳು ಹಟ ಮಾಡಿದ ಬೊಂಬೆ ಕೊಂಡು ಹೋಗುತ್ತಿದ್ದರು. ನಮ್ಮ ವ್ಯಾಪಾರ ಅಂದರೆ ಅದೇ. ಶನಿವಾರ, ಭಾನುವಾರ ದಿನಕ್ಕೆ ಎಂಟು ಸಾವಿರದವರೆಗೂ ಆಗುತ್ತಿತ್ತು. 2023ರ ಮಾರ್ಚ್ 12ಕ್ಕೆ ಹೊಸ ಹೆದ್ದಾರಿ ಉದ್ಘಾಟನೆ ಆಯಿತು. ಈಗ ಗಾಡಿಗಳು ಬೈಪಾಸಿನಲ್ಲೇ ಹೋಗುತ್ತವೆ, ಊರೊಳಗೆ ಬರುವುದೇ ಇಲ್ಲ. ರಸ್ತೆ ಬೇಡ ಅನ್ನಲು ನಾನ್ಯಾರು? ನಾನೂ ಅದೇ ರಸ್ತೆಯಲ್ಲಿ ಯಜಮಾನರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಆದರೆ ಅಂಗಡಿಯಲ್ಲಿ ಭಾನುವಾರವೂ ಆರುನೂರು, ಏಳುನೂರು ರೂಪಾಯಿಗೆ ಬಂತು. ಬಾಡಿಗೆಗೂ ಸಾಲದು.

ಅಂಗಡಿ ಕುಸಿದರೂ ಲೇತ್ ಕೆಲಸ ಇತ್ತು. ಹೊರಗಿನ ಆರ್ಡರ್ ಹಿಡಿದು ಕಂತು ಕಟ್ಟಬಹುದು ಅಂತ ಧೈರ್ಯದಲ್ಲಿದ್ದೆವು. 2023ರ ಜುಲೈನಲ್ಲಿ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಎರಡೂ ಹೋದವು. ಅರಗು ಹಿಡಿದು ಬಣ್ಣ ಏರಿಸುವುದು ಆ ಕೈಯಲ್ಲೇ ಅಲ್ವಾ? ಆಸ್ಪತ್ರೆಗೆ 1,70,000 ರೂಪಾಯಿ ಆಯಿತು. ಈಗ ಗೋಡೆ ಹಿಡಿದು ನಡೆಯುತ್ತಾರೆ, ಲೇತ್ ಮುಂದೆ ಕೂರಲು ಆಗುವುದಿಲ್ಲ. ನನಗೆ ಬಣ್ಣ ಹಾಕುವುದು, ಜೋಡಿಸುವುದು ಗೊತ್ತಿತ್ತು. ಕಡೆಯುವುದನ್ನು ಆಮೇಲೆ ಅವರು ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಅವರು ದಿನಕ್ಕೆ ಮಾಡುತ್ತಿದ್ದ ಕೆಲಸ ನನಗೆ ಎರಡೂವರೆ ದಿನ ಹಿಡಿಯುತ್ತದೆ.

ಈಗ ತಿಂಗಳಿಗೆ ಸರಾಸರಿ 19,000 ರೂಪಾಯಿ ದುಡಿಮೆ. ಮನೆ ಬಾಡಿಗೆ 5,500, ಔಷಧಿ ಮತ್ತು ಫಿಸಿಯೋಥೆರಪಿಗೆ 3,800. ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಊಟ, ಕರೆಂಟು, ಅವಳ ಫೀಸು ಕಳೆದರೆ ಎರಡು ಸಾವಿರ ಉಳಿದರೆ ಹೆಚ್ಚು. ಇದರಲ್ಲಿ 9,672ರ ಕಂತು ಮತ್ತೆ ಶುರು ಮಾಡುತ್ತೇನೆ ಅಂದರೆ ಅದು ಸುಳ್ಳು ಮಾತಾಗುತ್ತದೆ. ಸ್ವಂತ ಮನೆ, ಜಮೀನು ಯಾವುದೂ ಇಲ್ಲ.

ಹಾಗಾಗಿ 2,10,000 ರೂಪಾಯಿಗೆ ಖಾತೆ ಮುಗಿಸಿಕೊಡಿ ಎಂದು ಕೇಳುತ್ತಿದ್ದೇನೆ. ಇದು ಅಸಲಿನಲ್ಲಿ ನೂರಕ್ಕೆ 66ರಷ್ಟು. ಪೂರ್ತಿ ಅಸಲೇ ಬರಬೇಕು ಎಂದು ನೀವು ಹೇಳಬಹುದು. ಮನೆಯಲ್ಲಿ ಎಲ್ಲರೂ ಕೂತು ಮೂರು ಸಲ ಲೆಕ್ಕ ಹಾಕಿದೆವು, ಇದಕ್ಕಿಂತ ಜಾಸ್ತಿ ಹುಟ್ಟಲಿಲ್ಲ. ದೊಡ್ಡ ಮೊತ್ತ ಬರೆದುಕೊಟ್ಟು ಅರ್ಧದಲ್ಲಿ ಕೈಕೊಡುವುದಕ್ಕಿಂತ ಇದೇ ವಾಸಿ ಅನ್ನಿಸಿತು.

ಹಣ ಕಟ್ಟುವ ದಿನಗಳು ಹೀಗಿವೆ:

19 ಜನವರಿ 2026: 21,000 ರೂಪಾಯಿ. ನನ್ನ ಓಲೆ ಮಾರಿದ ಹಣ. ಈ ಪತ್ರದ ಜೊತೆ ಡಿಡಿ ಇದೆ, ಒಪ್ಪಿಗೆ ತೀರ್ಮಾನ ಆಗುವವರೆಗೆ ನೋ-ಲೀನ್ ಖಾತೆಯಲ್ಲಿ ಬೇರೆಯಾಗಿಡಿ.
20 ಫೆಬ್ರವರಿ: 79,000. ತಮ್ಮ ಕೊಡುವುದು 45,000, ಒಂದು ಲೇತ್ ಮಾರಿ ಬರುವುದು 34,000.
25 ಮಾರ್ಚ್: 70,000. ಅಂಗಡಿ ಖಾಲಿ ಮಾಡಿದರೆ ಬಾಡಿಗೆ ಬಾಕಿ ಕಳೆದು ವಾಪಸ್ ಬರುವ ಅಡ್ವಾನ್ಸ್ 40,000, ನಮ್ಮ ಮಹಿಳಾ ಸಂಘದಿಂದ 30,000.
24 ಏಪ್ರಿಲ್: 40,000. ಶಾಲೆಗಳಿಗೆ ಮಣಿಚೌಕಟ್ಟು ಮಾಡಿಕೊಡುವ ಆರ್ಡರ್ ಇದೆ, ಮಾಲು ಕೊಟ್ಟಾಗ ಬರುವ ಹಣ.

ಒಪ್ಪಂದದ ಹಣ ಕಟ್ಟುವುದು ಮೂರು ತಿಂಗಳು ಮೀರಿದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಅದನ್ನು ಸಾಲದ ಪುನರ್‌ರಚನೆ ಎಂದು ಹಿಡಿಯಬೇಕಾಗುತ್ತದೆ ಎಂದು ನೀವೇ ತಿಳಿಸಿದಿರಿ. ಅದಕ್ಕೇ ಫೆಬ್ರವರಿ ಮೊದಲ ವಾರದೊಳಗೆ ಒಪ್ಪಿಗೆ ಪತ್ರ ಬಂದರೆ ಎಲ್ಲ ಮೂರು ತಿಂಗಳೊಳಗೆ ಮುಗಿಯುವಂತೆ ಹೊಂದಿಸಿದ್ದೇನೆ. ನಿಮ್ಮ ಮಾರ್ಚ್ ಲೆಕ್ಕದ ಒಳಗೆ 1,70,000 ಬಂದಿರುತ್ತದೆ.

ಲೇತ್ ಬ್ಯಾಂಕಿನ ಹೈಪೋಥಿಕೇಶನ್‌ನಲ್ಲಿದೆ, ನಿಮ್ಮನ್ನು ಕೇಳದೆ ಮಾರುವಂತಿಲ್ಲ ಎಂಬುದು ಗೊತ್ತು. ಎರಡರಲ್ಲಿ ಹಳೆಯದನ್ನು ಮಾರಲು ಬರಹದಲ್ಲಿ ಅನುಮತಿ ಕೊಡಿ. ಕೊಳ್ಳುವವರು ಹಣವನ್ನು ನೇರವಾಗಿ ಸಾಲದ ಖಾತೆಗೇ ಹಾಕುತ್ತಾರೆ. ಇನ್ನೊಂದು ಲೇತ್ ಮಾತ್ರ ಉಳಿಸಿಕೊಡಿ. ಅದೂ ಹೋದರೆ ಏಪ್ರಿಲ್‌ನ 40,000 ಹುಟ್ಟುವುದಿಲ್ಲ.

ಯಾವುದಾದರೂ ಕಂತು ತಡವಾದರೆ 15 ದಿನ ಅವಕಾಶ ಕೊಡಿ. ಅದೂ ಮೀರಿದರೆ ಒಪ್ಪಂದ ರದ್ದು ಮಾಡಿ, ಕಟ್ಟಿದ್ದನ್ನು ಸಾಲಕ್ಕೆ ಜಮಾ ಮಾಡಿಕೊಂಡು ಉಳಿದದ್ದನ್ನು ಪೂರ್ತಿ ಕೇಳಬಹುದು. ಮೇಲಿನ ಕಚೇರಿಯವರು ಒಪ್ಪದಿದ್ದರೂ ಈ 21,000ವನ್ನು ವಾಪಸ್ ಕೇಳುವುದಿಲ್ಲ, ಸಾಲಕ್ಕೇ ಹಾಕಿಕೊಳ್ಳಿ. ಲೋಕ ಅದಾಲತ್‌ನಲ್ಲಿ ಸಹಿ ಹಾಕಬೇಕು ಅಂದರೆ ಅಲ್ಲಿಗೂ ಬರುತ್ತೇನೆ.

ಒಪ್ಪಿಗೆ ಪತ್ರದಲ್ಲಿ ಮೊತ್ತ, ದಿನಾಂಕ, ಉಳಿದ ಬಡ್ಡಿ ಮತ್ತು ಅಸಲು ಮನ್ನಾ ಎಂಬ ಮಾತು ಸ್ಪಷ್ಟವಾಗಿ ಇರಲಿ. ಕೊನೆಯ ಕಂತಾದ ಮೇಲೆ ಬಾಕಿ ಇಲ್ಲ ಎಂಬ ಪ್ರಮಾಣಪತ್ರ, ಲೇತ್ ಮೇಲಿನ ಹಕ್ಕು ಬಿಡುಗಡೆ, ಸಾಲದ ವೇಳೆ ಕೊಟ್ಟ ಮೂರು ಖಾಲಿ ಚೆಕ್ಕು ವಾಪಸ್ ಬೇಕು. ಸಿಬಿಲ್‌ನಲ್ಲಿ "ಸೆಟಲ್ಡ್" ಎಂದೇ ಬರುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ ಎಂಬುದು ಗೊತ್ತಿದ್ದೇ ಕೇಳುತ್ತಿದ್ದೇನೆ. ಆದರೆ ಅದನ್ನಾದರೂ ತಡಮಾಡದೆ ನಮೂದಿಸಿ.

ಇನ್ನೊಂದು ಮಾತು. ವಸೂಲಿಯವರು ರಾತ್ರಿ ಎಂಟೂವರೆಗೆ ಫೋನ್ ಮಾಡುತ್ತಾರೆ. ಒಮ್ಮೆ ಮಗಳ ಹತ್ತಿರ ಜೋರಾಗಿ ಮಾತಾಡಿದರು. ಸಂಜೆ ಏಳರ ಮೇಲೆ ಕರೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಅರ್ಜಿ ಇತ್ಯರ್ಥವಾಗುವವರೆಗೆ ಆ ಕರೆಗಳನ್ನು ನಿಲ್ಲಿಸಿ. ಏನಿದ್ದರೂ ನನಗೇ ಹೇಳಿ, ನಾನೇ ಶಾಖೆಗೆ ಬರುತ್ತೇನೆ.

ಜೊತೆಗೆ ಇಟ್ಟಿರುವುದು: 21,000 ರೂಪಾಯಿಯ ಡಿಡಿ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ ಮತ್ತು ಬಿಲ್ಲು, ಒಂದು ವರ್ಷದ ಪಾಸ್‌ಬುಕ್ ಪ್ರತಿ, ಅಂಗಡಿ ಬಾಡಿಗೆ ಕರಾರು, ಲೇತ್ ಕೊಳ್ಳುವವರ ಪತ್ರ, ಮಣಿಚೌಕಟ್ಟಿನ ಆರ್ಡರ್ ಪ್ರತಿ, ತಮ್ಮನ ಒಪ್ಪಿಗೆ ಪತ್ರ. ಸಂಘದ ನಿರ್ಣಯದ ಪ್ರತಿ ಮುಂದಿನ ಸೋಮವಾರದ ಸಭೆ ಆದ ಮೇಲೆ ತಂದುಕೊಡುತ್ತೇನೆ.

ಈ ಪತ್ರದ ಇನ್ನೊಂದು ಪ್ರತಿಗೆ ಸೀಲು ಹಾಕಿ, ತಲುಪಿದೆ ಎಂದು ಬರೆದುಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ನಸೀಮಾ ಬಾನು